ಎಡಗಾಲಿಗೆ ಹತ್ತಿ, ಬಲಗಾಲಿಗೆ ಉಣ್ಣೆ

ಚಳಿಗಾಲದ ಬೆಳಿಗ್ಗೆ ಹಾಸಿಗೆಯಿಂದ ಕೆಳಗಿಟ್ಟ ಕಾಲು ನಮ್ಮನ್ನು ಕೇಳದೆಯೇ ಮತ್ತೆ ಮೇಲಕ್ಕೆ ಬರುತ್ತದೆ. ಟೈಲ್ಸ್ ತಾಗಿತು ಅಂತ ಅರ್ಥ. ಪಕ್ಕದಲ್ಲೇ ಹಾಸಿರುವ ಜಮಖಾನದ ಮೇಲೆ ಕಾಲಿಟ್ಟರೆ ಈ ಗಲಾಟೆ ಇಲ್ಲ. ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಬಿದ್ದುಕೊಂಡಿದ್ದ ಎರಡೂ ತಣ್ಣಗಿರುವುದು ಒಂದೇ ಸಮ. ಆದರೆ ಟೈಲ್ಸ್ ಅಂಗಾಲಿನ ಬಿಸಿಯನ್ನು ಸರ್ರನೆ ಎಳೆದುಕೊಳ್ಳುತ್ತದೆ, ಜಮಖಾನಕ್ಕೆ ಆ ಅವಸರವಿಲ್ಲ.

ಇದಕ್ಕೆ ನನ್ನ ಮದ್ದು ಬಹಳ ದಿನ ಎರಡು ಜೊತೆ ಹತ್ತಿಯ ಸಾಕ್ಸ್ ಆಗಿತ್ತು. ಒಂದರ ಮೇಲೊಂದು ಬಿಗಿಯಾಗಿ ಏರಿಸಿ ಸಂಜೆಯ ಹೊತ್ತಿಗೆ ಬೆರಳು ಮರಗಟ್ಟಿಸಿಕೊಂಡು ಕೂರುತ್ತಿದ್ದೆ. ಕೊನೆಗೊಂದು ದಿನ ಎಡಗಾಲಿಗೆ ಹತ್ತಿಯದು, ಬಲಗಾಲಿಗೆ ಉಣ್ಣೆಯದು ಹಾಕಿಕೊಂಡೆ. ‘ಕಣ್ಣು ತೋರಿಸಿಕೊಂಡು ಬನ್ನಿ’ ಎಂದರು ಮನೆಯವರು. ಸಂಜೆ ಎರಡನ್ನೂ ಕಳಚಿ ಒಳಗೆ ಕೈಹಾಕಿ ನೋಡಿದೆ. ಹತ್ತಿಯದು ಬೆರಳುಗಳ ಹತ್ತಿರ ತಣ್ಣಗೆ, ಹಸಿಹಸಿಯಾಗಿತ್ತು. ಉಣ್ಣೆಯದು ಬೆಚ್ಚಗೇ ಇತ್ತು. ಕಾಲು ಚಳಿಯಲ್ಲೂ ಬೆವರುತ್ತದೆ. ಹತ್ತಿ ಆ ಬೆವರನ್ನು ಹೀರಿ, ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡು ಟೈಲ್ಸಿನ ಪಕ್ಷ ಸೇರುತ್ತದೆ. ಉಣ್ಣೆಯೂ ಹೀರುತ್ತದೆ, ತನ್ನ ತೂಕದ ಕಾಲುಭಾಗಕ್ಕೂ ಮಿಗಿಲಾಗಿ; ಆದರೆ ತೇವವನ್ನು ಎಳೆಯ ಒಳಗೆ ಬಚ್ಚಿಟ್ಟುಕೊಂಡು ಹೊರಗೆ ಒಣಗಿದಂತೆಯೇ ಇರುತ್ತದೆ. ಅದರ ಗುಂಗುರು ಎಳೆಗಳ ನಡುವೆ ಗಾಳಿಯೂ ನಿಲ್ಲುತ್ತದೆ. ಒಂದು ಜೊತೆ ಸಡಿಲವಾಗಿದ್ದರೆ ಸಾಕು, ಎರಡು ಜೊತೆ ಬಿಗಿದರೆ ಗಾಳಿಗೂ ಜಾಗವಿಲ್ಲ, ರಕ್ತಕ್ಕೂ ದಾರಿಯಿಲ್ಲ.

ಫ್ಲೀಸ್ ಮುಟ್ಟಿದ ತಕ್ಷಣ ಮರುಳುಮಾಡುವ ಬಟ್ಟೆ. ಸಾಮಾನ್ಯವಾಗಿ ಪಾಲಿಯೆಸ್ಟರ್, ನೀರು ಹೀರುವುದಿಲ್ಲವೆಂದೇ ಹೇಳಬಹುದು, ಒಗೆದರೆ ಬೇಗ ಒಣಗುತ್ತದೆ. ಮಂಚದ ಮೇಲೆ ಕಾಲು ಚಾಚಿ ಕೂರುವವರಿಗೆ ಇದಕ್ಕಿಂತ ಸುಖವಿಲ್ಲ. ಎದ್ದು ಓಡಾಡಿದರೆ ಮಾತ್ರ ಅಂಗಾಲಿನಡಿಯ ನಯವಾದ ಜುಂಜು ನಮ್ಮ ಭಾರಕ್ಕೆ ಚಪ್ಪಟೆಯಾಗುತ್ತದೆ. ಮೇಲಾಗಿ ಟೈಲ್ಸ್ ಮೇಲೆ ಅದು ಜಾರುಬಂಡಿ. ಅಡಿಗೆ ರಬ್ಬರ್ ಚುಕ್ಕಿ ಇಲ್ಲದ್ದನ್ನು ನಾನು ಕೊಳ್ಳುವುದೇ ಇಲ್ಲ.

ಚಪ್ಪಟೆಯಾಗುವ ಈ ಕಾಯಿಲೆ ಉಣ್ಣೆಗೂ ತಪ್ಪಿದ್ದಲ್ಲ. ಸಾಕ್ಸ್ ಕಾಪಾಡುವುದು ಪಾದದ ಮೇಲ್ಭಾಗವನ್ನು, ನೆಲದ ಜೊತೆ ಹೋರಾಡಬೇಕಾದ್ದು ಚಪ್ಪಲಿಯ ಅಟ್ಟೆ. ನನ್ನ ಹಳೆಯ ಚಪ್ಪಲಿಯ ಹಿಮ್ಮಡಿ ಸವೆದು ಅಪ್ಪಳದಷ್ಟಾಗಿತ್ತು. ಮೇಲೆ ಎಷ್ಟು ತುಪ್ಪಳವಿದ್ದರೇನು, ಚಳಿ ಅಲ್ಲಿಂದಲೇ ಹತ್ತುತ್ತಿತ್ತು.

ಅಷ್ಟರಲ್ಲಿ ನನ್ನ ಉಣ್ಣೆಯ ಸಾಕ್ಸನ್ನು ಯಾರೋ (ಸರಿ, ನಾನೇ) ಬಿಸಿನೀರಿನ ವಾಷಿಂಗ್ ಮೆಷಿನ್ನಿಗೆ ಹಾಕಿದೆ. ಬಿಸಿಗೂ ತಿರುವಾಟಕ್ಕೂ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಅದು ಮಗುವಿನ ಕಾಲಿಗಾಗುವಷ್ಟು ಕುಗ್ಗಿ ಕಂಬಳಿಯ ಹಾಗೆ ದಪ್ಪಗಾಗಿ ಹೊರಬಂತು. ಎಳೆದರೆ ಹಿಗ್ಗಲಿಲ್ಲ, ಕತ್ತರಿಸಿದರೆ ನೂಲು ಬಿಡಲಿಲ್ಲ, ಒತ್ತಿದರೆ ಅಷ್ಟಾಗಿ ತಗ್ಗಲೂ ಇಲ್ಲ. ಹಿಮ್ಮಡಿಯ ಅಳತೆಗೆ ಎರಡು ತುಂಡು ಕತ್ತರಿಸಿ ಚಪ್ಪಲಿಯೊಳಗೆ ಹಾಸಿದೆ. ಈಗ ಅದರ ಮೇಲೆಯೇ ನಿಂತಿದ್ದೇನೆ.