ಉತ್ತರ ಸರಿ, ಆದ್ರೆ ಯಾಕೆ?

ಇವತ್ತು ಹುಬ್ಬಳ್ಳಿಯಲ್ಲಿ ನಮ್ಮ ಅಂತರ ಕಾಲೇಜು ಮ್ಯಾನೇಜ್‌ಮೆಂಟ್ ಕ್ವಿಜ್ ಇತ್ತು. ಶುರುವಿಗೆ ಮುಂಚೆ ನಾನು ಹೇಳಿದ ಮಾತುಗಳಿವು. ಹೊರಗೆ ಚಹಾ ಕುಡೀತಾ ನಿಂತವರಿಗೆ ಕೇಳಿಸಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ.

ಕೇಸ್ ಸುತ್ತಿನಲ್ಲಿ, ಅಂದ್ರೆ ಒಂದು ವ್ಯಾಪಾರದ ಸನ್ನಿವೇಶ ಕೊಟ್ಟು ಏನು ಮಾಡಬೇಕು ಅಂತ ಕೇಳೋ ಸುತ್ತಿನಲ್ಲಿ, ಪ್ರತಿ ಪ್ರಶ್ನೆಗೆ 10 ಅಂಕ. ಉತ್ತರಕ್ಕೆ 3, ಕಾರಣಕ್ಕೆ 7. ಹೌದು ಅಥವಾ ಇಲ್ಲ ಅನ್ನೋದನ್ನು ನಾಣ್ಯ ಚಿಮ್ಮಿಯೂ ಹೇಳಬಹುದು, ಅಲ್ವಾ? "ಸ್ವಾಟ್ ಪ್ರಕಾರ" ಅಂತ ಮ್ಯಾನೇಜ್‌ಮೆಂಟ್ ಪಾಠದ ಒಂದು ವಿಧಾನದ ಹೆಸರು ಮಾತ್ರ ಹೇಳಿ ಕೂತರೆ ಅದನ್ನು ಕಾರಣ ಅಂತ ನಾನು ಒಪ್ಪೋದಿಲ್ಲ.

ಒಂದು ಪ್ರಶ್ನೆ ನೋಡಿ. ಧಾರವಾಡದಲ್ಲಿ ಒಂದು ಪೇಡೆ ಅಂಗಡಿ ಇದೆ ಅಂದುಕೊಳ್ಳಿ. ಬಾಡಿಗೆ, ಸಂಬಳ ಸೇರಿ ತಿಂಗಳಿಗೆ 60,000 ರೂಪಾಯಿ ಖರ್ಚು. ಹಾಲು, ಸಕ್ಕರೆ, ಗ್ಯಾಸ್, ಡಬ್ಬಿ ಸೇರಿ ಕಿಲೋಗೆ 300. ಮಾರೋದು 450ಕ್ಕೆ. ತಿಂಗಳಿಗೆ 1,000 ಕಿಲೋ ಮಾಡಬಹುದು, ಆದ್ರೆ ಹೋಗೋದು 800 ಕಿಲೋ. ಈಗ ಗದಗದ ಒಂದು ಮದುವೆ ಮನೆಯವರು 150 ಕಿಲೋ ಕೇಳ್ತಾರೆ, ಕಿಲೋಗೆ 350 ಮಾತ್ರ ಕೊಡ್ತೀವಿ ಅಂತಾರೆ. ಒಪ್ಪಬೇಕಾ?

ಜಾಸ್ತಿ ತಂಡಗಳು "ಬೇಡ" ಅಂತಾವೆ. 60,000ವನ್ನು 800ಕ್ಕೆ ಹಂಚಿದರೆ ಕಿಲೋಗೆ 75, ಅದಕ್ಕೆ 300 ಸೇರಿದರೆ 375, ಹಾಗಾಗಿ 350ಕ್ಕೆ ಕೊಟ್ಟರೆ 25 ರೂಪಾಯಿ ಲಾಸ್ ಅನ್ನೋದು ಅವರ ಲೆಕ್ಕ. ಕೂಡಿಸಿದ್ದು, ಭಾಗಿಸಿದ್ದು ಎಲ್ಲ ಸರಿ. ಆದ್ರೆ ಆ ಬಾಡಿಗೆ, ಸಂಬಳ ಈ ಆರ್ಡರ್ ಬಂದರೂ ಕೊಡಲೇಬೇಕು, ಬರದಿದ್ದರೂ ಕೊಡಲೇಬೇಕು. ಆರ್ಡರ್‌ನಿಂದ ಹೊಸದಾಗಿ ಬೀಳೋ ಖರ್ಚು ಕಿಲೋಗೆ 300 ಮಾತ್ರ. ಉಳಿಯೋದು 50. 150 ಕಿಲೋಗೆ 7,500 ರೂಪಾಯಿ ಕೈಗೆ ಬರುತ್ತೆ. ಒಪ್ಪಬೇಕು.

ಇಷ್ಟು ಹೇಳಿದರೆ ನಾನು 7ಕ್ಕೆ 4 ಕೊಡ್ತೀನಿ. ಉಳಿದ 3 ಅಂಕ, ಈ ಉತ್ತರ ಯಾವಾಗ ತಿರುಗುತ್ತೆ ಅಂತ ಹೇಳಿದವರಿಗೆ. ಮದುವೆ ಮನೆಯವರು 300 ಕಿಲೋ ಕೇಳಿದ್ದರೆ? ಖಾಲಿ ಇರೋದು 200 ಕಿಲೋ ಮಾಡೋ ಶಕ್ತಿ. ಮಿಕ್ಕ 100 ಕಿಲೋವನ್ನು ದಿನಾ ಬರೋ ಗಿರಾಕಿಗಳಿಂದ ಕಿತ್ತು ಕೊಡಬೇಕು. ಅಲ್ಲಿ 450ರಲ್ಲಿ 300 ಕಳೆದು ಕಿಲೋಗೆ ಉಳೀತಿದ್ದ 150 ರೂಪಾಯಿಯಂತೆ 15,000 ಹೋಯ್ತು. ಆರ್ಡರ್‌ನಿಂದ ಬಂದದ್ದೂ 300ಕ್ಕೆ 50ರಂತೆ 15,000. ಲಾಭ ಸೊನ್ನೆ, ಮೇಲಾಗಿ ಹಳೇ ಗಿರಾಕಿಯ ಮುನಿಸು. ಆಗ ಬೇಡ ಅನ್ನೋದೇ ಸರಿ.

350ರ ಸುದ್ದಿ ಊರಿಗೆಲ್ಲ ಗೊತ್ತಾಗಿ ಕೌಂಟರ್‌ನಲ್ಲೂ ಅದೇ ರೇಟ್ ಕೇಳಿದರೂ ಲೆಕ್ಕ ಕೆಡುತ್ತೆ. 800 ಕಿಲೋ ಮೇಲೆ ಬರೀ 10 ರೂಪಾಯಿ ಇಳಿಸಿದರೂ 8,000 ಹೋಯ್ತು, ಆರ್ಡರ್ ತಂದ 7,500ಕ್ಕಿಂತ ಜಾಸ್ತಿ. ಇದನ್ನು ಯಾರಾದ್ರೂ ತಾವಾಗೇ ಹೇಳಿದರೆ ನನಗೆ ಭಾಳ ಖುಷಿ.

ಪ್ರಶ್ನೆಯಲ್ಲಿ ಇಲ್ಲದ್ದನ್ನು ನೀವು ಊಹಿಸಿಕೊಳ್ಳಬಹುದು, ಆದ್ರೆ "ಹೀಗೆ ಅಂದುಕೊಂಡಿದ್ದೀವಿ" ಅಂತ ಮೊದಲೇ ಹೇಳಿ. ಅಂಕ ಹೋದ ಮೇಲೆ ಹೇಳಿದ ಊಹೆಗೆ ನಾನು ಕಿವಿ ಕೊಡಲ್ಲ. ಸಮಯ 90 ಸೆಕೆಂಡ್, ಮಾತಾಡೋದು ತಂಡದಲ್ಲಿ ಒಬ್ಬರೇ.