ಗಾಣದ ವಿಡಿಯೋಗೆ ಸಿನಿಮಾ ಹಾಡು ಹಾಕಿದ್ದು ನನ್ನ ತಪ್ಪು

ತಿಪಟೂರಿನಿಂದ ಕೊಬ್ಬರಿ ತರಿಸಿ ತುಮಕೂರಲ್ಲಿ ಮರದ ಗಾಣದ ಎಣ್ಣೆ ಮಾರುವ ನಮ್ಮ ಚಿಕ್ಕಪ್ಪನಿಗೆ ಹೋದ ತಿಂಗಳು ನಾನೇ ಒಂದು ರೀಲ್ಸ್ ಮಾಡಿಕೊಟ್ಟೆ. 42 ಸೆಕೆಂಡ್. ಗಾಣ ತಿರುಗುತ್ತೆ, ಎಣ್ಣೆ ಇಳಿಯುತ್ತೆ, ಕೊನೆಗೆ ಚಿಕ್ಕಪ್ಪ ಲೀಟರ್‌ಗೆ ಎಷ್ಟು, ಅಂಗಡಿ ಎಲ್ಲಿ ಅಂತ ಹೇಳ್ತಾರೆ. ಹಿಂದೆ ಸಣ್ಣಗೆ ಒಂದು ಸಿನಿಮಾ ಹಾಡು. ಎಡಿಟಿಂಗ್ ಆಪ್‌ನಲ್ಲೇ ಸೇರಿಸಿ ಅಪ್‌ಲೋಡ್ ಮಾಡಿದ್ದೆ. ಮಾರನೇ ದಿನ ಫೋನ್ ಬಂತು: "ಲೋ, ನನ್ನ ಬಾಯಿ ಆಡ್ತಾ ಇದೆ, ಮಾತೇ ಕೇಳ್ತಿಲ್ವಲ್ಲೋ."

ಹಾಡಿನ ಹಕ್ಕಿನ ಕಾರಣಕ್ಕೆ ವಿಡಿಯೋ ಮ್ಯೂಟ್ ಆಗಿತ್ತು. ಹಾಡೂ ಮಾತೂ ಒಂದೇ ಆಡಿಯೋದಲ್ಲಿ ಬೆರೆತಿದ್ದರಿಂದ ಹಾಡಿನ ಜೊತೆ ಬೆಲೆ, ವಿಳಾಸ ಎಲ್ಲ ಹೋಯ್ತು. ಜನಕ್ಕೆ ಬೇಕಾಗಿದ್ದದ್ದೇ ಆ ಭಾಗ.

"15 ಸೆಕೆಂಡ್‌ಗಿಂತ ಕಮ್ಮಿ ಹಾಕು, ಕ್ರೆಡಿಟ್ಸ್ ಟು ಓನರ್ ಅಂತ ಬರಿ" ಅನ್ನೋ ಸಲಹೆ ತುಂಬಾ ಬಂತು. ಅಂಥ ವಿನಾಯಿತಿ ಇಲ್ಲ. ಹೆಸರು ಬರೆದರೆ ಅನುಮತಿ ಸಿಕ್ಕಂತೆ ಆಗಲ್ಲ. ಅದೇ ಹಾಡನ್ನ ಕೊಳಲಲ್ಲಿ ಯಾರೋ ನುಡಿಸಿದ್ದು ಹಾಕಿದರೂ ರಾಗ ಸಂಯೋಜನೆಯ ಹಕ್ಕು ಬೇರೆಯವರದ್ದೇ. ರೆಕಾರ್ಡಿಂಗ್ ಹಕ್ಕು ಒಂದು, ಸಂಯೋಜನೆ ಹಕ್ಕು ಇನ್ನೊಂದು. "ಬಿಸಿನೆಸ್ ಅಕೌಂಟನ್ನ ಪರ್ಸನಲ್‌ಗೆ ಬದಲಾಯಿಸು, ಎಲ್ಲಾ ಹಾಡೂ ಬರುತ್ತೆ" ಅಂದವರೂ ಇದ್ದರು. ಬರುತ್ತೆ ನಿಜ, ಆದರೆ ಆ ಹಾಡುಗಳು ಇರೋದು ಸ್ವಂತ ಖುಷಿಯ ವಿಡಿಯೋಗೆ. ಎಣ್ಣೆ ಮಾರೋ ವಿಡಿಯೋ ಜಾಹೀರಾತು. ನನ್ನ ಮಟ್ಟಿಗೆ ಈ ನಿಯಮ ನ್ಯಾಯವೇ. ಚಿಕ್ಕಪ್ಪನ ಎಣ್ಣೆಯನ್ನ ಯಾರೂ ಬಿಟ್ಟಿ ಒಯ್ಯಲ್ಲ, ಸಂಗೀತದವರ ದುಡಿಮೆಗೂ ಬೆಲೆ ಇದೆ.

ಹಾಗಾದರೆ ಹಾಡು ಎಲ್ಲಿಂದ? ಮೆಟಾದವರದ್ದೇ Sound Collection ಇದೆ, ದುಡ್ಡು ಕೊಡಬೇಕಿಲ್ಲ. ವಾದ್ಯಸಂಗೀತ ಮಾತ್ರ ಬೇಕು ಅಂತ ಆರಿಸಿ, ಕೇಳಿ, ಡೌನ್‌ಲೋಡ್ ಮಾಡಬಹುದು. ಆದರೆ ಇಲ್ಲೇ ತುಂಬಾ ಜನ ಎಡವೋದು: ಅದರ ಅನುಮತಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಮೆಟಾ ಜಾಗಗಳಿಗೆ ಮಾತ್ರ. ಅದೇ ವಿಡಿಯೋವನ್ನ ಯೂಟ್ಯೂಬ್‌ಗೆ ಎತ್ತಿ ಹಾಕಬೇಡಿ. ಅಲ್ಲಿಗೆ YouTube Studio ಒಳಗಿರೋ Audio Library ಬಳಸಿ. ಅದರಲ್ಲೂ ಕೆಲವು ಹಾಡುಗಳಿಗೆ ಕಲಾವಿದರ ಹೆಸರನ್ನ ವಿವರಣೆಯಲ್ಲಿ ಬರೆಯಲೇಬೇಕು ಅನ್ನೋ ಷರತ್ತಿದೆ, ಹಾಡಿನ ಪಕ್ಕದ ಲೈಸೆನ್ಸ್ ಗುರುತು ನೋಡಿ. ಬೇರೆ ಸೈಟ್‌ನಲ್ಲಿ "ರಾಯಲ್ಟಿ ಫ್ರೀ" ಅಂತಿದ್ದರೆ ವ್ಯಾಪಾರಕ್ಕೆ ಬಳಸಬಹುದಾ ಅಂತ ಓದಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಕರಾರು ಬಂದರೆ ತೋರಿಸೋಕೆ ಅದೇ ಆಧಾರ.

ನಾವು ವಿಡಿಯೋ ಹೊಸದಾಗಿ ಮಾಡಿದೆವು. ಈ ಸಲ ಹಾಡು ಸೇರಿಸದ ಪ್ರತಿಯನ್ನೂ ಬೇರೆ ಇಟ್ಟುಕೊಂಡೆ. ಅಂಗಡಿಯ ರೇಡಿಯೋ ಆಫ್ ಮಾಡಿಸಿದೆ, ಏಕೆಂದರೆ ಹಿನ್ನೆಲೆಯಲ್ಲಿ ಕೇಳೋ ಹಾಡನ್ನೂ ಮೆಟಾದವರ ವ್ಯವಸ್ಥೆ ಗುರುತಿಸಬಹುದು. ಮೊದಲ 10 ಸೆಕೆಂಡ್ ಸಂಗೀತವೇ ಇಲ್ಲ, ಗಾಣದ ಕಿರ್ರ್ ಅನ್ನೋ ಸದ್ದು ಅಷ್ಟೇ. ಆಮೇಲೆ ಚಿಕ್ಕಪ್ಪನ ಮಾತು, ಅದರ ಕೆಳಗೆ Sound Collectionನ ಒಂದು ತಂತಿವಾದ್ಯ. ಈಗ ಬೆಲೆ, ವಿಳಾಸ ಎರಡೂ ಕೇಳ್ತಿದೆ.