ಇಂಡಿಯಾ-ಪಾಕಿಸ್ತಾನ ಟೇಬಲ್‌ನಲ್ಲಿ ಒಂದು ಕಾಲಂ ಕಡಿಮೆ ಐತೆ

ಎರಡು ವಾರದಿಂದ ಎಂಎ ಹುಡುಗ್ರ ಟರ್ಮ್ ಪೇಪರ್ ತಿದ್ದಾ ಕೂತಿದೀನಿ. ಹತ್ತೊಂಬತ್ತು ಪೇಪರ್, ಅದ್ರಲ್ಲಿ ಹದಿಮೂರು ಇಂಡಿಯಾ-ಪಾಕಿಸ್ತಾನ. ಎರಡು ದೇಶ ತಗಂಡು ಮೋಸ್ಟ್ ಸಿಮಿಲರ್ ಕೇಸಸ್ ಡಿಸೈನ್‌ನಲ್ಲಿ ಹೋಲಿಸಿ ಅಂತ ಕೊಟ್ಟಿದ್ದೆ, ಅಂದ್ರೆ ಬಹುತೇಕ ಎಲ್ಲಾದ್ರಲ್ಲೂ ಒಂದೇ ಥರ ಇರೋ ಎರಡು ದೇಶ ಹುಡುಕಬೇಕು, ಆದ್ರೆ ಯಾವ್ದೋ ಒಂದು ರಿಸಲ್ಟ್ ಮಾತ್ರ ಬೇರೆ ಆಗಿರಬೇಕು, ಆಗ ಏನು ಸಮ ಐತೋ ಅದು ಈ ವ್ಯತ್ಯಾಸಕ್ಕೆ ಕಾರಣ ಆಗಕ್ಕಾಗಲ್ಲ ಅಂತ ಪಕ್ಕಕ್ಕಿಟ್ಟು ಉಳಿದಿದ್ದನ್ನ ನೋಡ್ಬೇಕು. ಐಡಿಯಾ ಇಷ್ಟೇ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲೇ ಇದರ ಮೂಲ ಹೇಳಿಟ್ಟಿದ್ದ. ಹುಡುಗ್ರು ಇಂಡಿಯಾ-ಪಾಕಿಸ್ತಾನ ಯಾಕೆ ತಗಂಡ್ರು ಅಂದ್ರೆ ಕ್ರಿಕೆಟ್ ನೋಡಿ ಗೊತ್ತು, ಅಷ್ಟೇ, ಇನ್ನೇನೂ ಇಲ್ಲ.

ಪ್ರತಿ ಪೇಪರಲ್ಲೂ ಅದೇ ಟೇಬಲ್. ಎರಡೂ ಕಡೆ ಬ್ರಿಟಿಷ್ ಆಳ್ವಿಕೆ, ಎರಡೂ ಕಡೆ ಬ್ರಿಟಿಷರು ಕಟ್ಟಿದ ಸೈನ್ಯ, ಎರಡೂ ಕಡೆ ಐಸಿಎಸ್ ಆಫೀಸರ್‌ಗಳು, 1947ರ ಆಗಸ್ಟ್‌ನಲ್ಲಿ ಇಬ್ರಿಗೂ ಸ್ವಾತಂತ್ರ್ಯ, ಇಬ್ರಿಗೂ 1935ರ ಗವರ್ನ್‌ಮೆಂಟ್ ಆಫ್ ಇಂಡಿಯಾ ಆಕ್ಟ್. ಎಲ್ಲಾದಕ್ಕೂ ಎದುರಿಗೆ ಟಿಕ್ ಮಾರ್ಕ್. ಕೊನೇ ಸಾಲಲ್ಲಿ ಇಂಡಿಯಾದಲ್ಲಿ ಪ್ರಜಾಪ್ರಭುತ್ವ ಉಳೀತು, ಪಾಕಿಸ್ತಾನದಲ್ಲಿ 1958ರಲ್ಲಿ ಮಿಲಿಟರಿ ಬಂತು. ಮೇಲಿನದೆಲ್ಲಾ ಸಮ, ಹಂಗಾಗಿ ಕಾರಣ ಸೈನ್ಯ, ಇಲ್ಲಾಂದ್ರೆ ನೆಹರೂ, ಇಲ್ಲಾಂದ್ರೆ ಧರ್ಮ, ಯಾರ್ಯಾರಿಗೆ ಯಾವ್ದು ಇಷ್ಟಾನೋ ಅದು.

ಇದೇ ತಪ್ಪನ್ನ ನಮ್ಮೂರಿಗೆ ಹಾಕಿ ಹೇಳ್ತೀನಿ. 1997ರ ತನಕ ದಾವಣಗೆರೆ ಚಿತ್ರದುರ್ಗ ಜಿಲ್ಲೆ ಒಳಗೇ ಇತ್ತು. ಈಗ ದಾವಣಗೆರೆ ಸುತ್ತಾ ಭತ್ತದ ಗದ್ದೆ ಕಾಣುತ್ತೆ, ಚಳ್ಳಕೆರೆ ಕಡೆ ಹೋದ್ರೆ ಶೇಂಗಾ ಹೊಲ. ಯಾರಾದ್ರೂ ಬಂದು ನೋಡ್ರೀ ಒಂದೇ ಜಿಲ್ಲೆ ಇತ್ತು, ಒಂದೇ ಡಿಸಿ, ಒಂದೇ ಕಾನೂನು, ಬೇರೆ ಜಿಲ್ಲೆ ಆದ್ಮೇಲೆ ದಾವಣಗೆರೆ ಹಸಿರಾಯ್ತು ಅಂದ್ರೆ ಕಟ್ಟೆ ಮೇಲೆ ಕೂತ ಅಜ್ಜನೂ ನಗ್ತಾನೆ. ಭದ್ರಾ ಕಾಲುವೆ ಜಿಲ್ಲೆ ಆಗೋದಕ್ಕೆ ದಶಕಗಳ ಮುಂಚೆನೇ ಬಂದಿತ್ತಲ್ಲ. ಒಂದೇ ಜಿಲ್ಲೆ ಅನ್ನೋ ಸಾಲಿಗೆ ಟಿಕ್ ಹಾಕಿದ್ದು ಸುಳ್ಳಲ್ಲ, ಆದ್ರೆ ಆ ಟಿಕ್ ಅಡಿಯಲ್ಲೇ ಕಾಲುವೆ ಹರೀತಿತ್ತು.

ಒಂದು ಹುಡುಗಿ, ಚಳ್ಳಕೆರೆ ಕಡೆಯವಳೇ, ಪೇಪರ್ ವಾಪಸ್ ಕೊಟ್ಟಾಗ ಬಂದು ಕೇಳಿದ್ಲು, ಸರ್ ಎಲ್ಲಾ ಸರಿ ಬರ್ದಿದೀನಿ, ಯಾಕೆ ಮಾರ್ಕ್ಸ್ ಕಟ್ ಮಾಡಿದ್ರಿ ಅಂತ. ಕೂತ್ಕೋ ತಾಯಿ ಅಂತ ಕೂರ್ಸಿ ಒಂದೊಂದೇ ಸಾಲು ತಗಂಡ್ವಿ.

ಮೊದಲು ಸೈನ್ಯದ ಸಾಲು. ಹೆಸರಿಗೆ ಎರಡೂ ಕಡೆ ಒಂದೇ ಬ್ರಿಟಿಷ್ ಇಂಡಿಯನ್ ಆರ್ಮಿ ಹೌದು, ಆದ್ರೆ ಪಾಲು ಹೆಂಗಾಯ್ತು? ಪಾಕಿಸ್ತಾನಕ್ಕೆ ಸುಮಾರು ಮೂರನೇ ಒಂದು ಭಾಗ ಸೈನ್ಯ ಹೋಯ್ತು, ಜನ ಮಾತ್ರ ಒಟ್ಟು ಜನಸಂಖ್ಯೆಯ ಐದನೇ ಒಂದು ಭಾಗಾನೂ ಇಲ್ಲ. ಅದ್ರ ಮೇಲೆ ಬ್ರಿಟಿಷರು ಸಿಪಾಯಿಗಳನ್ನ ಜಾಸ್ತಿ ತಗಂಡಿದ್ದೇ ಪಂಜಾಬ್‌ನಿಂದ, ಆ ಪಂಜಾಬ್‌ನ ಪಶ್ಚಿಮ ಭಾಗ ಅಲ್ಲಿಗೆ ಹೋಯ್ತು, ಹಂಗಾಗಿ ಜನ ಜಾಸ್ತಿ ಇದ್ದ ಪೂರ್ವ ಬಂಗಾಳಕ್ಕೆ ಸೈನ್ಯದಲ್ಲಿ ಜಾಗಾನೇ ಇಲ್ಲ ಅನ್ನೋ ಹಾಗಾಯ್ತು. ಅಂದ್ರೆ ಸಮ ಅಂತ ಟಿಕ್ ಹಾಕಿದ ಸಾಲಲ್ಲೇ ದೊಡ್ಡ ವ್ಯತ್ಯಾಸ. ಸೈನ್ಯ ಇತ್ತಾ ಇಲ್ವಾ ಅಂತ ಕೇಳಿದ್ರೆ ಟಿಕ್ ಬೀಳುತ್ತೆ, ಎಷ್ಟಿತ್ತು, ಯಾರದಿತ್ತು ಅಂತ ಕೇಳಿದ್ರೆ ಟಿಕ್ ಅಳಿಸ್ಬೇಕಾಗುತ್ತೆ.

ಅವ್ಳು ಖುಷಿ ಆದ್ಲು, ಹಂಗಾದ್ರೆ ಸೈನ್ಯಾನೇ ಕಾರಣ ಸರ್, ನಾನು ಬರ್ದಿದ್ದೇ ಕರೆಕ್ಟು ಅಂತ. ತಡಿ ತಾಯಿ ಅಂದೆ.

1935ರ ಆಕ್ಟ್ ಸಾಲು ನೋಡು. ನನಗೆ ಇಡೀ ಟೇಬಲ್‌ನಲ್ಲಿ ಬಹಳ ಇಷ್ಟ ಆಗೋ ಸಾಲು ಇದು. 1947ರಲ್ಲಿ ಇಬ್ರೂ ಅದೇ ಆಕ್ಟನ್ನ ಅಲ್ಪಸ್ವಲ್ಪ ತಿದ್ದಿ ತಾತ್ಕಾಲಿಕ ಸಂವಿಧಾನ ಮಾಡ್ಕೊಂಡ್ರು, ಇಬ್ರಿಗೂ ಗವರ್ನರ್ ಜನರಲ್ ಇದ್ದ. ಆದ್ರೆ ನಮ್ಮಲ್ಲಿ 1950ರ ಜನವರಿ 26ಕ್ಕೆ ಆ ಆಕ್ಟ್ ಕಥೆ ಮುಗೀತು, ರಾಜಾಜಿ ಕೊನೇ ಗವರ್ನರ್ ಜನರಲ್. ಅವರಲ್ಲಿ ಮೊದಲ ಸಂವಿಧಾನ ಜಾರಿಗೆ ಬಂದಿದ್ದು 1956ರ ಮಾರ್ಚ್ 23ಕ್ಕೆ. ನಡುವೆ ಆರು ವರ್ಷ ಅವರಲ್ಲಿ ಹಳೇ ಆಕ್ಟೇ, ಗವರ್ನರ್ ಜನರಲ್ ಕೈಯಲ್ಲೇ ಅಧಿಕಾರ. ಅಂದ್ರೆ ಈ ಹೋಲಿಕೆಗೆ ಔಷಧಿ ಬಾಟ್ಲಿ ಥರ ಎಕ್ಸ್‌ಪೈರಿ ಡೇಟ್ ಐತೆ. 1948ಕ್ಕೆ ಟಿಕ್ ಸರಿ, 1953ಕ್ಕೆ ತಪ್ಪು.

1953 ಅಂತ ಸುಮ್ನೆ ಹೇಳ್ಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಗವರ್ನರ್ ಜನರಲ್ ಗುಲಾಂ ಮೊಹಮ್ಮದ್, ಪ್ರಧಾನಿ ಖ್ವಾಜಾ ನಜೀಮುದ್ದೀನ್ ಅವರನ್ನ ವಜಾ ಮಾಡಿದ್ರು. 1954ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆನೇ ವಿಸರ್ಜನೆ. ಗುಲಾಂ ಮೊಹಮ್ಮದ್ ಜನರಲ್ ಅಲ್ಲ, ಲೆಕ್ಕಪತ್ರ ಇಲಾಖೆಯಿಂದ ಮೇಲೆ ಬಂದ ಆಫೀಸರ್. ಸೈನ್ಯದ ಮುಖ್ಯಸ್ಥ ಅಯೂಬ್ ಖಾನ್ ಬಂದಿದ್ದು 1958ರ ಅಕ್ಟೋಬರ್‌ನಲ್ಲಿ, ಅದೂ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿ ಕರೆದ್ಮೇಲೆ, ಆಮೇಲೆ ಮೂರೇ ವಾರದಲ್ಲಿ ಮಿರ್ಜಾನನ್ನೇ ಮನೆಗೆ ಕಳ್ಸಿದ ಅನ್ನೋದು ಬೇರೆ ಮಾತು. ಹಂಗಾದ್ರೆ ಸೈನ್ಯ ಬಂದು ಪ್ರಜಾಪ್ರಭುತ್ವ ಕೆಡಿಸ್ತು ಅಂತ ಬರೆಯೋದು ಹೆಂಗೆ? ಮನೆ ಬಾಗ್ಲು ಮುರಿದಿದ್ದು ಐದು ವರ್ಷ ಮುಂಚೆ, ಸೈನ್ಯ ಒಳಗೆ ಬಂದು ಕೂತಿದ್ದು ಆಮೇಲೆ. ಬಾಗ್ಲು ಮುರಿಯೋವಾಗ ಹಿಂದೆ ಸೈನ್ಯದ ಧೈರ್ಯ ಇತ್ತಾ ಅಂತ ಕೇಳ್ಬಹುದು, ಒಳ್ಳೇ ಪ್ರಶ್ನೆ, ಆದ್ರೆ ಅದಕ್ಕೆ ಉತ್ತರ ಟೇಬಲ್‌ನಲ್ಲಿ ಸಿಗಲ್ಲ, ಪಾಕಿಸ್ತಾನದ ಒಳಗೇ ತಿಂಗಳು ತಿಂಗಳು ಏನಾಯ್ತು ಅಂತ ನೋಡ್ಬೇಕು.

ಎರಡೇ ಕೇಸ್ ಇಟ್ಕೊಂಡು ಮಾಡೋ ಹೋಲಿಕೆಗೆ ಇದೇ ಮಿತಿ. ಅದು ಅನುಮಾನದ ಪಟ್ಟಿಯಿಂದ ಕೆಲವರನ್ನ ಬಿಟ್ಟು ಕಳಿಸುತ್ತೆ, ಕಳ್ಳನ್ನ ಹಿಡಿದು ಕೊಡಲ್ಲ. ಇಂಡಿಯಾ-ಪಾಕಿಸ್ತಾನದಲ್ಲಂತೂ ಉಳ್ಕೊಳ್ಳೋ ಅನುಮಾನಗಳು ಬಹಳ. ಸೈನ್ಯದ ಪಾಲು, ಸಂವಿಧಾನ ತಡ ಆಗಿದ್ದು, ಸುಮಾರು 1,600 ಕಿಲೋಮೀಟರ್ ದೂರ ಇದ್ದ ಎರಡು ತುಂಡು ದೇಶ, ಜಿನ್ನಾ 1948ರಲ್ಲಿ ತೀರ್ಕೊಂಡಿದ್ದು, ಮೊದಲ ಪ್ರಧಾನಿ ಲಿಯಾಕತ್ ಅಲಿ ಖಾನ್ 1951ರಲ್ಲಿ ಕೊಲೆ ಆಗಿದ್ದು, ಪಾರ್ಟಿ ಸಂಘಟನೆ. ಎಲ್ಲಾ ಒಂದೇ ಸಲ ಬೇರೆ, ಎಲ್ಲಾ ಒಂದೇ ದಿಕ್ಕಿಗೆ ಎಳೀತಾವೆ. ಎರಡು ದೇಶ, ಆರು ಕಾರಣ, ಯಾವ ಕಾರಣ ಎಷ್ಟು ಅಂತ ಹೇಳೋಕೆ ದಾರಿನೇ ಇಲ್ಲ.

ಇದು ಸರಿಯಾಗಿ ಮಾಡಿದ್ರೆ ಹೆಂಗಿರುತ್ತೆ ಅಂತ ಅವ್ಳಿಗೆ ಆಫ್ರಿಕಾದ ಜಾಂಬಿಯಾ-ಮಲಾವಿ ಹೇಳಿದೆ. ಡೇನಿಯಲ್ ಪೋಸ್ನರ್ ಅನ್ನೋರು 2004ರಲ್ಲಿ ಬರೆದ ಲೇಖನ. ಚೇವಾ, ತುಂಬುಕಾ ಅಂತ ಎರಡು ಸಮುದಾಯ, ಎರಡೂ ಗಡಿಯ ಆ ಕಡೆನೂ ಇದಾವೆ ಈ ಕಡೆನೂ ಇದಾವೆ. ಗಡಿ ಎಳೆದಿದ್ದು ಹತ್ತೊಂಬತ್ತನೇ ಶತಮಾನದ ಕೊನೇಲಿ ವಸಾಹತು ಆಡಳಿತದ ಅನುಕೂಲಕ್ಕೆ, ಅಲ್ಲಿ ಯಾರಿದಾರೆ ಅಂತ ನೋಡದೇನೇ. ಗಡಿ ಎರಡೂ ಕಡೆ ಅದೇ ಜನ, ಅದೇ ಭಾಷೆ. ಆದ್ರೆ ಮಲಾವಿಯಲ್ಲಿ ಈ ಎರಡು ಸಮುದಾಯ ರಾಜಕೀಯವಾಗಿ ಎದುರಾಳಿಗಳು, ಜಾಂಬಿಯಾದಲ್ಲಿ ಜೊತೆಗಾರರು. ಪೋಸ್ನರ್ ಗಡಿ ಆಚೆ ಈಚೆ ಎರಡು ಚೇವಾ ಹಳ್ಳಿ, ಎರಡು ತುಂಬುಕಾ ಹಳ್ಳಿ ತಗಂಡು, ಇನ್ನೊಂದು ಸಮುದಾಯದವರನ್ನ ಮದ್ವೆ ಆಗ್ತೀರಾ, ಅವರಲ್ಲಿ ಒಬ್ರು ಅಧ್ಯಕ್ಷ ಸ್ಥಾನಕ್ಕೆ ನಿಂತ್ರೆ ವೋಟ್ ಹಾಕ್ತೀರಾ ಅಂತ ಕೇಳಿದ್ರು. ನಮ್ಮೂರಲ್ಲಿ ಕೇಳಿದ್ರೆ ಹೊಡೆದು ಓಡಿಸ್ತಾರೇನೋ, ಆದ್ರೂ ಪ್ರಶ್ನೆ ಅದೇ.

ಅವರ ಉತ್ತರ ಇದು. ಮಲಾವಿ ಚಿಕ್ಕ ದೇಶ, ಅಲ್ಲಿ ಚೇವಾ ಜನ ಶೇಕಡಾ 28ರ ಹತ್ರ, ತುಂಬುಕಾ 12ರ ಹತ್ರ, ಇಬ್ರೂ ಅಧಿಕಾರಕ್ಕೆ ಪೈಪೋಟಿ ಮಾಡುವಷ್ಟು ದೊಡ್ಡ ವೋಟ್ ಬ್ಯಾಂಕ್. ಜಾಂಬಿಯಾದಲ್ಲಿ ಅವೇ ಎರಡು ಸಮುದಾಯ ಸುಮಾರು 7 ಮತ್ತೆ 4, ಒಬ್ಬೊಬ್ರೇ ನಿಂತ್ರೆ ಯಾರೂ ಕೇಳಲ್ಲ, ಅದಕ್ಕೆ ನಾವೆಲ್ಲಾ ಪೂರ್ವದವರು ಅಂತ ಒಂದಾಗ್ತಾರೆ. ವೋಟಲ್ಲೂ ಕಾಣುತ್ತೆ ಇದು. ಮಲಾವಿಯಲ್ಲಿ 1994ರ ಚುನಾವಣೆಲಿ ತುಂಬುಕಾ ಜನ ಜಾಸ್ತಿ ಇರೋ ಉತ್ತರ ಒಂದು ಪಾರ್ಟಿಗೆ, ಚೇವಾಗಳ ಮಧ್ಯ ಪ್ರದೇಶ ಬಹುಪಾಲು ಇನ್ನೊಂದಕ್ಕೆ. ಜಾಂಬಿಯಾದಲ್ಲಿ 1991ರಲ್ಲಿ ದೇಶ ಎಲ್ಲಾ ಆಗಿನ ಅಧ್ಯಕ್ಷ ಕೌಂಡಾ ಪಾರ್ಟಿನ ಸೋಲಿಸಿದ್ರೂ ಈಸ್ಟರ್ನ್ ಪ್ರಾವಿನ್ಸ್ ಒಟ್ಟಿಗೇ ಅವರ ಜೊತೆ ನಿಂತಿತ್ತು.

ಇಲ್ಲೂ ಅನುಮಾನ ಇಲ್ಲ ಅಂತಲ್ಲ. ಮಲಾವಿಯ ಅಧ್ಯಕ್ಷ ಆಗಿದ್ದ ಬಂಡಾ, ಚೇವಾಗಳ ಭಾಷೆ ಚಿಚೇವಾನ 1968ರಲ್ಲಿ ರಾಷ್ಟ್ರಭಾಷೆ ಮಾಡಿದ್ರು, ರಾಜಧಾನಿನ ಚೇವಾ ಪ್ರದೇಶದ ಲಿಲಾಂಗ್ವೆಗೆ ತಂದ್ರು, ಜಗಳಕ್ಕೆ ಅದೇ ಕಾರಣ ಇರ್ಬಹುದಲ್ವಾ? ಅದಕ್ಕೆ ಪೋಸ್ನರ್ ಹೇಳೋದು, ಚೇವಾಗಳು ಅಷ್ಟು ಜನ ಇದ್ದಿದ್ದಕ್ಕೇ ಬಂಡಾಗೆ ಆ ರಾಜಕೀಯ ಲಾಭ ಆಗಿದ್ದು ಅಂತ. ಒಪ್ಬಹುದು ಬಿಡ್ಬಹುದು, ನಾನು ಮುಕ್ಕಾಲು ಒಪ್ತೀನಿ. ಆದ್ರೆ ವಾದ ಮಾಡೋಕೆ ಒಂದೆರಡೇ ಅನುಮಾನ ಉಳಿದಾವೆ ನೋಡಿ, ಆರು ಉಳಿದಿಲ್ಲ. ಯಾಕಂದ್ರೆ ಅವರು ಜೋಡಿ ಹುಡುಕಿದ್ದು ಪ್ರಸಿದ್ಧಿ ನೋಡಿ ಅಲ್ಲ, ಗೆರೆ ಹೆಂಗೆ ಬಿತ್ತು ಅಂತ ನೋಡಿ. ಮಲಾವಿ ಗೆರೆ ಜನರನ್ನ ಕೇಳದೆ ಬಿತ್ತು. 1947ರ ಗೆರೆ ಜನ ಯಾರು ಅಂತ ಎಣಿಸಿಯೇ ಹಾಕಿದ್ದು, ಹಂಗಾಗಿ ಎರಡು ಕಡೆ ಉಳಿದ ಜನ, ಪಾರ್ಟಿ, ಸೈನ್ಯ ಸಮ ಇರೋಕೆ ಹೆಂಗೆ ಸಾಧ್ಯ?

ಹಂಗಾದ್ರೆ ನಾನು ಟಾಪಿಕ್ ಚೇಂಜ್ ಮಾಡ್ಲಾ ಸರ್ ಅಂದ್ಲು. ಬೇಡ, ಇದನ್ನೇ ಚಿಕ್ಕದು ಮಾಡು ಅಂದೆ. ಪ್ರಜಾಪ್ರಭುತ್ವ ಉಳೀತಾ ಸತ್ತೋಯ್ತಾ ಅನ್ನೋ ದೊಡ್ಡ ಪ್ರಶ್ನೆ ಬಿಡು, ಮೊದಲ ಸಂವಿಧಾನ ಒಂದು ಕಡೆ ಎರಡೂವರೆ ವರ್ಷದಲ್ಲಿ, ಇನ್ನೊಂದು ಕಡೆ ಎಂಟೂವರೆ ವರ್ಷದಲ್ಲಿ ಯಾಕಾಯ್ತು ಅಂತ ಕೇಳು. ಮತ್ತೆ ಟೇಬಲ್‌ಗೆ ಒಂದು ಕಾಲಂ ಸೇರ್ಸು, ಎಲ್ಲಿಂದ ಎಲ್ಲೀವರೆಗೆ ಸಮ ಅಂತ.

ಮೊನ್ನೆ ತಂದುಕೊಟ್ಲು. ಐಸಿಎಸ್, 1935ರ ಆಕ್ಟ್ ಎಲ್ಲಾದಕ್ಕೂ ಎದುರು ವರ್ಷ ಹಾಕಿದಾಳೆ. ಪಾರ್ಟಿ ಸಾಲು ನೋಡಿ ನಾನೇ ಸ್ವಲ್ಪ ಹೊತ್ತು ಸುಮ್ನಾದೆ. ಕಾಂಗ್ರೆಸ್‌ಗೆ 1920ರಿಂದ ನಾಲ್ಕಾಣೆ ಮೆಂಬರ್‌ಶಿಪ್, ಭಾಷೆ ಪ್ರಕಾರ ಪ್ರಾಂತ ಸಮಿತಿ, ನಮ್ಮ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡ್ತಿದ್ದ ನಿಜಲಿಂಗಪ್ಪನವರಂಥವರು ಜಿಲ್ಲೆ ಜಿಲ್ಲೆಯಿಂದ ಮೇಲೆ ಬರೋಕೆ ಒಂದು ಏಣಿ ಇತ್ತು. ಮುಸ್ಲಿಂ ಲೀಗ್‌ನ ಗಟ್ಟಿ ನೆಲ ಇದ್ದಿದ್ದು ಯುಪಿ ಕಡೆ, ಅದು ಇಂಡಿಯಾದಲ್ಲೇ ಉಳೀತು, ಪಾಕಿಸ್ತಾನಕ್ಕೆ ಹೋದ ಪಂಜಾಬ್‌ನಲ್ಲಿ 1937ರ ಚುನಾವಣೆಲಿ ಲೀಗ್‌ಗೆ ಸಿಕ್ಕಿದ್ದು ಒಂದೆರಡು ಸೀಟು. ಇದನ್ನೆಲ್ಲಾ ಬರ್ದು ಎಲ್ಲಿಂದ ಸಮ ಅನ್ನೋ ಕಾಲಂನಲ್ಲಿ ಅವ್ಳು ಒಂದು ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಸರ್, ಇದು ಯಾವತ್ತೂ ಸಮ ಇರ್ಲಿಲ್ಲ" ಅಂತ ಬರ್ದಿದ್ಲು.